ಮನೆವಾರ್ತೆ: ಹೊನ್ನಿನ ಹೊದಿಕೆ ಎಷ್ಟು ದಪ್ಪ?

ವೃಶ್ಚಿಕ ಮಾಸದ ಹುಣ್ಣಿಮೆಗೆ ಕೋಟೇಶ್ವರದಲ್ಲಿ ಕೋಟಿಲಿಂಗೇಶ್ವರನ ರಥೋತ್ಸವ. ಊರವರ ಬಾಯಲ್ಲಿ ಅದು ಕೊಡಿಹಬ್ಬ. ಹೊಸದಾಗಿ ಮದುವೆಯಾದ ದಂಪತಿಗಳು ದೇವರ ದರ್ಶನಮಾಡಿ ಕಬ್ಬಿನ ಕೊಡಿಯನ್ನು ಮನೆಗೆ ಒಯ್ಯುವುದು ಅಲ್ಲಿಯ ರೂಢಿ. ಕಬ್ಬಿನ ಕೊಡಿಯೊಡನೆ ಬಳೆ ಸರಗಳೂ ಮನೆ ಸೇರುವುವೆಂದು ಬೇರೆ ಹೇಳಬೇಕಾಗಿಲ್ಲ. ಆ ಊರಿನ ಒಬ್ಬ ಸೋದರಿಯವರು ನಮಗೆ ಬರೆದು ಕೇಳಿರುವ ಪ್ರಶ್ನೆ ಅಂತಹ ಬಳೆಗಳನ್ನು ಕುರಿತದ್ದೇ. ಹಬ್ಬದ ಪೇಟೆಯಲ್ಲಿ ‘ಒಂದು ಗ್ರಾಂ ಚಿನ್ನ’ದವೆಂದು ಹೇಳಿ ಮಾರಿದ ನಾಲ್ಕು ಬಳೆಗಳನ್ನು ಅವರು ಸೊಸೆಗೆ ಕೊಂಡರಂತೆ. ನಾಲ್ಕು ತಿಂಗಳು ತುಂಬುವುದರೊಳಗೆ ಬಳೆಯ ಒಳಮೈಯಲ್ಲಿ ಹಿತ್ತಾಳೆ ಕಾಣಿಸಿಕೊಂಡಿತು. ಹೊರದೇಶದಲ್ಲಿರುವ ತಮ್ಮನು ಕಳುಹಿದ ‘ಗೋಲ್ಡ್ ಫಿಲ್ಡ್’ ಸರವನ್ನಾದರೋ ಅವರು ಎಂಟು ವರ್ಷಗಳಿಂದ ದಿನವೂ ಧರಿಸುತ್ತಿರುವರು. ಅದು ಇನ್ನೂ ಹೊಸದರಂತೆಯೇ ಇದೆ. ಈಗ ಮಗಳು ‘ವರ್ಮೀಲ್’ ಎಂಬ ಹೆಸರಿನ ಓಲೆಗಳನ್ನು ತರಿಸಬೇಕೆನ್ನುತ್ತಾಳೆ. ಮೂರೂ ಚಿನ್ನದ ಹೊದಿಕೆಯ ಒಡವೆಗಳೇ ಆದಮೇಲೆ ಒಂದು ನಾಲ್ಕು ತಿಂಗಳಿಗೆ ಸೋತು ಇನ್ನೊಂದು ಎಂಟು ವರ್ಷ ನಿಲ್ಲುವುದೇಕೆ, ಮೂರನೆಯದನ್ನು ನಂಬಬಹುದೇ ಎಂಬುದು ಅವರ ಸಂದೇಹ.

ಇದಕ್ಕೆ ಉತ್ತರವು ಬಹುಮಟ್ಟಿಗೆ ಹೊದಿಕೆಯ ದಪ್ಪದಲ್ಲಿಯೂ, ಸ್ವಲ್ಪಮಟ್ಟಿಗೆ ಆ ಹೊದಿಕೆ ಲೋಹದ ಮೇಲೆ ಕುಳಿತ ಬಗೆಯಲ್ಲಿಯೂ ಇದೆ. ಆ ದಪ್ಪವನ್ನು ಅಳೆಯುವ ಮಾನಕ್ಕೆ ಮೈಕ್ರಾನ್ ಎಂದು ಹೆಸರು. ಒಂದು ಮಿಲಿಮೀಟರನ್ನು ಸಾವಿರ ಪಾಲುಮಾಡಿದರೆ ಅದರ ಒಂದು ಪಾಲು ಒಂದು ಮೈಕ್ರಾನ್. ನಾವು ಬರೆಯುವ ಸಾಧಾರಣ ಕಾಗದದ ಒಂದು ಹಾಳೆ ಸುಮಾರು ೧೦೦ ಮೈಕ್ರಾನ್ ದಪ್ಪವಿರುತ್ತದೆ. ಈ ಒಂದು ಅಳತೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲವೂ ಸುಲಭವಾಗಿ ತಿಳಿಯುವುದು.

ಮೊದಲು ಮುಲಾಮಿನ ಬಳೆಯನ್ನು ತೆಗೆದುಕೊಳ್ಳೋಣ. ಹಿತ್ತಾಳೆಯ ಅಥವಾ ತಾಮ್ರದ ಬಳೆಯನ್ನು ಚೆನ್ನಾಗಿ ಉಜ್ಜಿ ಜಿಡ್ಡು ತೆಗೆದು, ಚಿನ್ನದ ಲವಣ ಕರಗಿಸಿದ ದ್ರಾವಣದಲ್ಲಿ ತೂಗಹಾಕುವರು. ವಿದ್ಯುತ್ತಿನ ಋಣ ತುದಿಯನ್ನು ಬಳೆಗೆ ಕಟ್ಟಿ ಪ್ರವಾಹವನ್ನು ಬಿಟ್ಟರೆ, ದ್ರಾವಣದಲ್ಲಿರುವ ಚಿನ್ನವು ಕಣಕಣವಾಗಿ ಬಂದು ಬಳೆಯ ಮೈಗೆ ಅಂಟಿಕೊಳ್ಳುವುದು. ಇಟಲಿಯ ಬ್ರುಞಾತೆಲ್ಲಿ ಎಂಬ ವಿಜ್ಞಾನಿಯು ೧೮೦೫ರಲ್ಲಿ ಬೆಳ್ಳಿಯ ಪದಕಗಳಿಗೆ ಹೀಗೆ ಚಿನ್ನ ಹತ್ತಿಸಿ ತೋರಿಸಿದನು. ಇಂಗ್ಲೆಂಡಿನ ಎಲ್ಕಿಂಗ್ಟನ್ ಮನೆತನದವರು ೧೮೪೦ರಲ್ಲಿ ಹಕ್ಕುಪತ್ರ ಪಡೆದು ಇದನ್ನು ದೊಡ್ಡ ಕಸಬನ್ನಾಗಿ ಮಾಡಿದರು. ಅದಕ್ಕೆ ಮುಂಚೆ ಪಾದರಸದಲ್ಲಿ ಚಿನ್ನವನ್ನು ಕರಗಿಸಿ, ಒಡವೆಗೆ ಸವರಿ, ಬೆಂಕಿಗೆ ಹಿಡಿದು ಪಾದರಸವನ್ನು ಆವಿಯಾಗಿ ಓಡಿಸುವ ಪದ್ಧತಿಯಿತ್ತು. ಆ ಹೊದಿಕೆ ದಪ್ಪವಾಗಿ ಬಹುಕಾಲ ಬಾಳುತ್ತಿತ್ತು. ಆದರೆ ಪಾದರಸದ ಹೊಗೆ ಕುಡಿದ ಕೆಲಸಗಾರನು ಅಷ್ಟು ಕಾಲ ಬಾಳುತ್ತಿರಲಿಲ್ಲ.

ವಿದ್ಯುತ್ತಿನ ಪದ್ಧತಿಯಲ್ಲಿ ಒಂದು ಅನುಕೂಲವುಂಟು, ಅದರಲ್ಲಿಯೇ ಒಂದು ಅಪಾಯವೂ ಉಂಟು. ಬಳೆಯನ್ನು ದ್ರಾವಣದಲ್ಲಿ ಎಷ್ಟು ಹೊತ್ತು ಇಟ್ಟರೆ ಅಷ್ಟು ಚಿನ್ನ ಏರುವುದು. ಕೆಲವೇ ಸೆಕೆಂಡುಗಳು ಇಟ್ಟರೂ ಬಣ್ಣವು ಪೂರ್ತಿಯಾಗಿ ಬಂದುಬಿಡುವುದು! ಕಣ್ಣಿಗೆ ಬೇಕಾದದ್ದು ಬಣ್ಣವಲ್ಲವೆ? ಅದಕ್ಕೆ ೦.೧ ಮೈಕ್ರಾನಿನಷ್ಟು ಚಿನ್ನ ಸಾಕು. ಅಂದರೆ ಕಾಗದದ ಹಾಳೆಯ ಸಾವಿರದಲ್ಲಿ ಒಂದು ಪಾಲು. ಅರ್ಧ ಮೈಕ್ರಾನ್, ಒಂದು ಮೈಕ್ರಾನ್ ಹತ್ತಿಸಿದ ಒಳ್ಳೆಯ ಕೆಲಸವೂ ಪೇಟೆಯಲ್ಲಿ ದೊರೆಯುವುದುಂಟು. ಆದರೆ ೦.೧ ಮೈಕ್ರಾನಿನ ಬಳೆಯನ್ನೂ ಒಂದು ಮೈಕ್ರಾನಿನ ಬಳೆಯನ್ನೂ ಅಕ್ಕಪಕ್ಕದಲ್ಲಿಟ್ಟರೆ ಕಣ್ಣು ಭೇದವನ್ನು ಹೇಳಲಾರದು.

ನಮ್ಮ ಸೋದರಿಯವರ ಬಳೆಗಳ ಲೆಕ್ಕವನ್ನೇ ಮಾಡಿನೋಡೋಣ. ‘ಎರಡೂ ಆರು’ ಅಳತೆಯ ಬಳೆಯ ಒಳ ಅಗಲ ಸುಮಾರು ೬೦ ಮಿಲಿಮೀಟರು. ಅದು ೩ ಮಿಲಿಮೀಟರು ದಪ್ಪದ ದುಂಡು ತಂತಿಯದೆಂದು ಇಟ್ಟುಕೊಂಡರೆ ಅದರ ಇಡೀ ಮೈಯ ವಿಸ್ತಾರವು ಸುಮಾರು ೧೯ ಚದರ ಸೆಂಟಿಮೀಟರು ಆಗುವುದು. ಒಂದು ಘನ ಸೆಂಟಿಮೀಟರು ಚಿನ್ನದ ತೂಕ ೧೯.೩ ಗ್ರಾಂ. ಆದುದರಿಂದ ೦.೧ ಮೈಕ್ರಾನ್ ದಪ್ಪಕ್ಕೆ ಒಂದು ಬಳೆಗೆ ಹಿಡಿಯುವ ಚಿನ್ನವು ನಾಲ್ಕು ಮಿಲಿಗ್ರಾಮಿಗೂ ಸ್ವಲ್ಪ ಕಡಮೆ. ನಾಲ್ಕು ಬಳೆಗೂ ಸೇರಿ ೧೫ ಮಿಲಿಗ್ರಾಂ. ಒಂದು ಗ್ರಾಮಿನ ಸುಮಾರು ಎಪ್ಪತ್ತನೆಯ ಒಂದು ಪಾಲು! ನಿಜವಾಗಿಯೂ ಒಂದು ಗ್ರಾಂ ಚಿನ್ನವನ್ನು ಆ ನಾಲ್ಕು ಬಳೆಗಳಿಗೆ ಹತ್ತಿಸಿದ್ದರೆ ಹೊದಿಕೆಯು ಏಳು ಮೈಕ್ರಾನ್ ದಪ್ಪವಾಗಿ, ಸೊಸೆಯ ಕೈಯಲ್ಲಿ ವರ್ಷಗಟ್ಟಲೆ ನಿಲ್ಲುತ್ತಿತ್ತು. ‘ಒಂದು ಗ್ರಾಂ ಚಿನ್ನ’ ಎಂಬುದು ಪೇಟೆಯಲ್ಲಿ ಒಂದು ಜಾತಿಯ ಒಡವೆಯ ಹೆಸರಾಗಿಬಿಟ್ಟಿದೆಯೇ ಹೊರತು ತೂಕದ ಮಾತಲ್ಲ. ಅಂಗಡಿಯವನನ್ನು ‘ಎಷ್ಟು ಗ್ರಾಂ’ ಎಂದು ಕೇಳಿ ಪ್ರಯೋಜನವಿಲ್ಲ. ‘ಎಷ್ಟು ಮೈಕ್ರಾನ್’ ಎಂದು ಕೇಳಬೇಕು, ಬಿಲ್ಲಿನಲ್ಲಿ ಬರೆದುಕೊಡೆಂದೂ ಕೇಳಬೇಕು. ಬರೆದುಕೊಡಲು ಒಪ್ಪುವವನು ಕಂಡರೆ ಅವನ ಅಂಗಡಿಯನ್ನು ನೆನಪಿಟ್ಟುಕೊಳ್ಳಿರಿ.

ಇಷ್ಟು ತೆಳುವಾದ ಹೊದಿಕೆಗೆ ಇನ್ನೊಂದು ದೋಷವುಂಟು. ಕಣಕಣವಾಗಿ ಕುಳಿತ ಚಿನ್ನವು ಎಲ್ಲ ಕಡೆಯೂ ಕೂಡಿಕೊಂಡಿರುವುದಿಲ್ಲ. ಕಣ್ಣಿಗೆ ಕಾಣದ ಅಸಂಖ್ಯ ತೂತುಗಳು ಉಳಿದಿರುತ್ತವೆ. ಚಿನ್ನಕ್ಕೆ ಉಪ್ಪೂ ಬೆವರೂ ಏನೂ ಮಾಡಲಾರವು. ಆದರೆ ಆ ತೂತುಗಳ ಮೂಲಕ ಉಪ್ಪುನೀರು ಕೆಳಗಿನ ಹಿತ್ತಾಳೆಯನ್ನು ಮುಟ್ಟಿದರೆ, ಚಿನ್ನ ಹಿತ್ತಾಳೆಗಳೆರಡೂ ಸೇರಿ ಒಂದು ಸಣ್ಣ ವಿದ್ಯುತ್ಕೋಶದಂತಾಗಿ ಹಿತ್ತಾಳೆಯು ಬೇಗಬೇಗನೆ ಸವೆಯತೊಡಗುವುದು. ಅದರ ಕಿಲುಬು ತೂತಿನಿಂದ ಮೇಲಕ್ಕೆ ಉಕ್ಕಿ ಚಿನ್ನದ ಪೊರೆಯನ್ನು ಎತ್ತುವುದು. ಕೋಟೇಶ್ವರದಂತೆ ಕಡಲು ಹತ್ತಿರವಿರುವ ಊರುಗಳಲ್ಲಿ ಗಾಳಿಯಲ್ಲಿಯೇ ಉಪ್ಪಿದೆ. ಬೇಸಗೆಯ ಬೆವರನ್ನಂತೂ ಹೇಳುವ ಹಾಗಿಲ್ಲ. ಘಟ್ಟದ ಮೇಲೆ ಒಂದು ವರ್ಷ ಬಾಳುವ ಮುಲಾಮು ಕರಾವಳಿಯಲ್ಲಿ ಅರ್ಧ ವರ್ಷಕ್ಕೇ ಹಸುರುಗಟ್ಟಿದರೆ ಆಶ್ಚರ್ಯವಿಲ್ಲ. ಸೋದರಿಯವರ ಬಳೆಯ ಒಳಮೈ ಮೊದಲು ಕೆಟ್ಟದ್ದೂ ಸಹಜವೇ. ಬೆವರು ನಿಲ್ಲುವುದು ಅಲ್ಲಿ, ಕೈಮೂಳೆಗೆ ಉಜ್ಜುವುದೂ ಅಲ್ಲಿ.

‘ಹಾಗಾದರೆ ಮೊದಲ ತಿಂಗಳೆಲ್ಲ ಥಳಥಳಿಸುತ್ತಿತ್ತಲ್ಲ?’ ಎಂದು ಕೇಳಬಹುದು. ಇಂತಹ ಬಳೆಗಳಲ್ಲಿ ಬಹಳಷ್ಟಕ್ಕೆ ಮುಲಾಮಿನ ಮೇಲೆ ಬಣ್ಣವಿಲ್ಲದ ಮೆರುಗೆಣ್ಣೆಯ ಲೇಪವಿರುವುದು. ಅದಿರುವತನಕ ಸವೆತವು ಎಣ್ಣೆಯ ಪಾಲಿಗೆ. ಅದು ಹೋದಮೇಲೆ ಚಿನ್ನದ ಸರದಿ. ಮೆರುಗೆಣ್ಣೆ ಬಳಿಯುವುದು ಮೋಸವೇನೂ ಅಲ್ಲ. ಆದರೆ ‘ಆರು ತಿಂಗಳ ಗ್ಯಾರಂಟಿ’ ಎಂಬ ಮಾತಿನಲ್ಲಿ ಚಿನ್ನದ ಪಾಲೆಷ್ಟು, ಮೆರುಗೆಣ್ಣೆಯ ಪಾಲೆಷ್ಟು ಎಂಬುದನ್ನು ಯಾರೂ ಹೇಳುವುದಿಲ್ಲ.

ಇಲ್ಲಿಯೇ ಇನ್ನೊಂದು ಸಂಗತಿಯನ್ನೂ ಹೇಳಿಬಿಡಬೇಕು. ತಾಮ್ರವು ಚಿನ್ನದೊಳಕ್ಕೆ ಏರದಿರಲೆಂದೂ ಹೊಳಪು ಹೆಚ್ಚಲೆಂದೂ ಎಷ್ಟೋ ಕಡೆ ಚಿನ್ನಕ್ಕೆ ಮೊದಲು ನಿಕಲ್ ಲೋಹದ ಲೇಪ ಕೊಡುವರು. ಕೆಲವರ ಚರ್ಮಕ್ಕೆ ನಿಕಲ್ ಒಗ್ಗುವುದಿಲ್ಲ. ಚಿನ್ನದ ಪೊರೆ ಹರಿದು ನಿಕಲಿಗೆ ಬೆವರು ತಾಗಿದ ಕೂಡಲೆ ಕಿವಿಯ ಹಾಲೆಯಲ್ಲಿ, ಕತ್ತಿನ ಹಿಂಬದಿಯಲ್ಲಿ ತುರಿಕೆಯೂ ಗುಳ್ಳೆಗಳೂ ಏಳುವುವು. ಒಮ್ಮೆ ಒಗ್ಗದೆಂದು ಕಂಡರೆ ಆ ದೇಹಸ್ವಭಾವವು ಸಾಮಾನ್ಯವಾಗಿ ಆಯುಷ್ಯವಿಡೀ ಹೋಗುವುದಿಲ್ಲ. ಹೊಸದಾಗಿ ಕಿವಿ ಚುಚ್ಚಿಸಿದ ಮಕ್ಕಳಿಗೆ ಮುಲಾಮಿನ ಓಲೆಯನ್ನು ಇಡಲೇಬಾರದೆಂದು ನಮ್ಮ ಅಭಿಪ್ರಾಯ. ಒಂದು ಗುಂಜಿಯಷ್ಟಾದರೂ ಸರಿಯೆ, ಅಲ್ಲಿಗೆ ಅಪ್ಪಟ ಚಿನ್ನವೇ ಆಗಬೇಕು.

ಈಗ ಮಗಳು ಕೇಳುವ ವರ್ಮೀಲ್. ಫ್ರೆಂಚರು ಇದನ್ನು ‘ವರ್ಮೇ’ ಎಂದು ಉಚ್ಚರಿಸುವರು. ಒಳಗೆ ಬೆಳ್ಳಿ, ಮೇಲೆ ಚಿನ್ನ. ಕ್ರಿಯೆಯು ಬಹುತೇಕ ಮುಲಾಮಿನದೇ. ಆದರೆ ಈ ಹೆಸರಿನಿಂದ ಮಾರಬೇಕಾದರೆ ಇರತಕ್ಕ ಗುಣಗಳನ್ನು ಅಮೆರಿಕದ ವ್ಯಾಪಾರ ಆಯೋಗವು ತನ್ನ ಮಾರ್ಗದರ್ಶಿಯಲ್ಲಿ ಹೇಳಿದೆ. ಒಳಗಿನದು ನೂರಕ್ಕೆ ೯೨.೫ ಪಾಲು ಶುದ್ಧ ಬೆಳ್ಳಿಯಿರಬೇಕು, ಚಿನ್ನದ ದಪ್ಪವು ಎರಡೂವರೆ ಮೈಕ್ರಾನಿಗೆ ಕಡಮೆಯಿರಬಾರದು, ಆ ಚಿನ್ನವು ಹತ್ತು ಕ್ಯಾರಟಿಗೆ ಇಳಿಯಬಾರದು. ಜಾತ್ರೆಯ ಬಳೆಗೂ ಇದಕ್ಕೂ ಇಪ್ಪತ್ತೈದು ಪಟ್ಟು ಅಂತರ. ಅದೇ ಅಳತೆಯ ಬಳೆಗೆ ಇಲ್ಲಿ ೯೦ ಮಿಲಿಗ್ರಾಂ ಚಿನ್ನ ಹಿಡಿಯುವುದು. ದಪ್ಪ ಹೆಚ್ಚಿದಷ್ಟೂ ತೂತುಗಳು ಮುಚ್ಚಿಕೊಂಡು ಬರುವುದರಿಂದ ಬಾಳಿಕೆಯು ಸವೆತದ ಲೆಕ್ಕಕ್ಕಿಂತಲೂ ಸ್ವಲ್ಪ ಹೆಚ್ಚೇ ಆಗುವುದು.

ವರ್ಮೀಲಿನ ಕಾಯಿಲೆ ಬೇರೆ ತೆರನದು. ಬೆಳ್ಳಿಯು ವರ್ಷಗಳು ಕಳೆದಂತೆ ಮೆಲ್ಲಮೆಲ್ಲನೆ ಚಿನ್ನದ ಪೊರೆಯೊಳಕ್ಕೆ ಏರಿ ಬರುವುದು. ಮೇಲಕ್ಕೆ ಬಂದ ಬೆಳ್ಳಿಗೆ ಗಾಳಿಯಲ್ಲಿರುವ ಗಂಧಕದ ಸೋಂಕು ತಗಲಿ ಕಪ್ಪು ಮೂಡುವುದು. ನಮ್ಮ ಮನೆಗಳ ಬೆಳ್ಳಿಯ ದೀಪ ಕಪ್ಪಾಗುವುದೂ ಇದರಿಂದಲೇ. ಆಗ ಓಲೆಯು ಸವೆಯದಿದ್ದರೂ ಮಂಕಾಗಿ, ಸ್ವಲ್ಪ ಕೆಂಗಪ್ಪಾಗಿ ಕಾಣುವುದು. ಈ ಹೊತ್ತಿನಲ್ಲಿ ಬೆಳ್ಳಿ ತೊಳೆಯುವ ಪುಡಿಯಿಂದ ಉಜ್ಜಿದಿರೆಂದರೆ ಕಪ್ಪಿನ ಜೊತೆಗೆ ಚಿನ್ನವೂ ಹೊರಟುಹೋಗುವುದು. ಮೆತ್ತನೆಯ ಬಟ್ಟೆಯಿಂದ ಒರಸಿದರೆ ಸಾಕು. ಸವೆದು ಹೋದರೂ ಒಳಗೆ ಕಾಣುವುದು ಬಿಳಿಯ ಬೆಳ್ಳಿ, ಹಿತ್ತಾಳೆಯ ಕಿಲುಬಲ್ಲ. ಅದನ್ನು ಪುನಃ ಮುಲಾಮಿಗೆ ಕೊಡಬಹುದು, ಬೇಡವಾದರೆ ಬೆಳ್ಳಿಯ ಬೆಲೆಗೆ ಮಾರಲೂಬಹುದು. ಹಿತ್ತಾಳೆಯ ಬಳೆಗೆ ಆ ಭಾಗ್ಯವಿಲ್ಲ. ಒಂದು ಎಚ್ಚರಿಕೆಯನ್ನು ಮಾತ್ರ ಮಗಳಿಗೆ ಹೇಳಿರಿ. ಓಲೆಯ ಹಿಂದೆ ‘೯೨೫’ ಎಂಬ ಮುದ್ರೆಯಿದ್ದರೆ ಅದು ಬೆಳ್ಳಿಯ ಶುದ್ಧತೆಯ ಮಾತು. ಮೇಲಿನ ಚಿನ್ನ ಎರಡೂವರೆ ಮೈಕ್ರಾನ್ ಇದೆಯೋ ಬರೀ ಬಣ್ಣವಿದೆಯೋ ಎಂಬುದನ್ನು ಆ ಮುದ್ರೆಯು ಹೇಳುವುದಿಲ್ಲ.

ಇನ್ನು ಎಂಟು ವರ್ಷ ಬಾಳಿದ ಸರ. ‘ಗೋಲ್ಡ್ ಫಿಲ್ಡ್’ ಎಂದರೆ ಚಿನ್ನ ತುಂಬಿದ್ದು ಎಂದು ಅರ್ಥವಾಗುವುದು. ಹೋಳಿಗೆಗೆ ಹೂರಣ ತುಂಬಿದ ಹಾಗೆ ಒಳಗೆ ಚಿನ್ನವಿರುವುದೆಂದು ಯಾರಾದರೂ ಭಾವಿಸಿಯಾರು. ಸಂಗತಿಯು ತಿರುಗುಮುರುಗು, ಇಲ್ಲಿ ಹೂರಣವು ಹಿತ್ತಾಳೆ, ಚಿನ್ನವು ಮೇಲಿನ ಕಣಕ. ಹೆಸರು ಹೇಗಾದರೂ ಇರಲಿ, ಕೆಲಸವು ಗಟ್ಟಿ. ಹಿತ್ತಾಳೆಯ ದಪ್ಪ ಕಂಬಿಯ ಸುತ್ತಲೂ ಹದಿನಾಲ್ಕು ಕ್ಯಾರಟ್ ಚಿನ್ನದ ನಿಜವಾದ ತಗಡನ್ನೇ ಕೊಳವೆಯಂತೆ ತೊಡಿಸಿ, ಕಾಸಿ, ಬಲವಾಗಿ ಒತ್ತಿ ಎರಡನ್ನೂ ಒಂದಾಗಿ ಬೆಸೆಯುವರು. ಬಳಿಕ ಆ ಕಂಬಿಯನ್ನು ಕಂಬಚ್ಚಿನ ತೂತುಗಳಲ್ಲಿ ಒಂದಾದಮೇಲೊಂದರಂತೆ ಎಳೆದು ಬೇಕಾದ ತಂತಿಯನ್ನಾಗಿ ಮಾಡುವರು. ತಂತಿ ಸಣ್ಣದಾದಂತೆ ಒಳಗಿನ ಹಿತ್ತಾಳೆಯೂ ಮೇಲಿನ ಚಿನ್ನವೂ ಒಂದೇ ಪ್ರಮಾಣದಲ್ಲಿ ಸಣ್ಣದಾಗುವುವು. ಅಮೆರಿಕದ ವಾಡಿಕೆಯಂತೆ ಒಟ್ಟು ತೂಕದ ಇಪ್ಪತ್ತರಲ್ಲಿ ಒಂದು ಪಾಲು ಆ ಚಿನ್ನವಿದ್ದರೇ ಈ ಹೆಸರು ಸಲ್ಲುವುದು. ಸರದ ಕೊಂಡಿಯ ಹತ್ತಿರ ೧/೨೦ ಎಂಬ ಭಿನ್ನವೂ, ೧೪ ಎಂಬ ಕ್ಯಾರಟ್ ಸಂಖ್ಯೆಯೂ, ಜಿ.ಎಫ್. ಎಂಬೆರಡು ಇಂಗ್ಲಿಷ್ ಅಕ್ಷರಗಳೂ ಒತ್ತಿರುವುದುಂಟು. ಭೂತಗನ್ನಡಿ ಹಿಡಿದು ನೋಡಿರಿ.

ನಮ್ಮ ಅದೇ ಬಳೆಯನ್ನು ಹೀಗೆ ಮಾಡಿದ್ದರೆ? ಬಳೆಯ ತೂಕ ಸುಮಾರು ೧೨ ಗ್ರಾಂ. ಅದರ ಇಪ್ಪತ್ತನೆಯ ಪಾಲು ೬೦೦ ಮಿಲಿಗ್ರಾಂ ಹದಿನಾಲ್ಕು ಕ್ಯಾರಟ್ ಚಿನ್ನ. ಅದರಲ್ಲಿ ಅಪ್ಪಟವು ೩೫೦ ಮಿಲಿಗ್ರಾಮಿನಷ್ಟು. ಹೊದಿಕೆಯ ದಪ್ಪ ೨೫ ಮೈಕ್ರಾನ್. ಜಾತ್ರೆಯ ಬಳೆಯಲ್ಲಿ ೦.೧, ವರ್ಮೀಲಿನಲ್ಲಿ ೨.೫, ಇಲ್ಲಿ ೨೫! ಅಷ್ಟೇ ಅಲ್ಲ, ಇದು ಕಾಸಿ ಬಡಿದು ಎಳೆದ ತಗಡಾದ್ದರಿಂದ ಇದರಲ್ಲಿ ತೂತುಗಳೇ ಇಲ್ಲ, ಉಪ್ಪುನೀರಿಗೆ ಒಳದಾರಿಯಿಲ್ಲ. ಹದಿನಾಲ್ಕು ಕ್ಯಾರಟಿನ ಮಿಶ್ರಲೋಹವು ಅಪ್ಪಟ ಚಿನ್ನಕ್ಕಿಂತ ಗಟ್ಟಿಯಾದ್ದರಿಂದ ಉಜ್ಜಿದರೆ ಬೇಗನೆ ಸವೆಯುವುದೂ ಇಲ್ಲ. ತಮ್ಮನು ಕಳುಹಿದ ಸರವು ಎಂಟು ವರ್ಷ ನಿಂತುದರ ಗುಟ್ಟು ಇದೇ. ಮೂರು ಪವನಿನ ಮೇಲೆ ತೂಗುವ ಇಪ್ಪತ್ತೆರಡು ಕ್ಯಾರಟ್ ಬಳೆಗೆ ಇದನ್ನು ಹೋಲಿಸಬಾರದು ನಿಜ; ಆದರೆ ದಿನಬಳಕೆಗೆ ಇದು ಒಡವೆಯೇ.

ಆದರೂ ಇಲ್ಲಿ ಒಂದು ಸೂಕ್ಷ್ಮವುಂಟು, ಕೊಳ್ಳುವವರು ಅದನ್ನು ತಿಳಿದಿರಬೇಕು. ಇಪ್ಪತ್ತನೆಯ ಪಾಲು ಎಂಬುದು ತೂಕದ ಮಾತೇ ಹೊರತು ದಪ್ಪದ ಮಾತಲ್ಲ. ತಂತಿಯು ೩ ಮಿಲಿಮೀಟರು ಇದ್ದರೆ ಹೊದಿಕೆ ೨೫ ಮೈಕ್ರಾನ್; ೧ ಮಿಲಿಮೀಟರಿನ ತಂತಿಗೆ ಸುಮಾರು ೮ ಮೈಕ್ರಾನ್; ಕೂದಲೆಳೆಯಂತಹ ಅರ್ಧ ಮಿಲಿಮೀಟರಿನ ತಂತಿಗೆ ೪ ಮೈಕ್ರಾನ್ ಮಾತ್ರ. ಮುದ್ರೆಯು ಮೂರರ ಮೇಲೂ ಒಂದೇ! ತೆಳ್ಳಗಿನ ಸರವೆಂದರೆ ಸೊಗಸು, ಆದರೆ ಗೋಲ್ಡ್ ಫಿಲ್ಡ್ ಸರದಲ್ಲಿ ತೆಳ್ಳಗಿನದು ಹೊದಿಕೆಯಲ್ಲಿಯೂ ತೆಳ್ಳಗೆ. ಸರದಲ್ಲಿ ಮೊದಲು ಸವೆಯುವ ಸ್ಥಳವು ಹೊರಮೈಯಲ್ಲ. ಒಂದು ಕೊಂಡಿ ಇನ್ನೊಂದು ಕೊಂಡಿಗೆ ತಗಲುವ ಒಳಬಾಗು. ಸರವನ್ನು ಬೆರಳ ಮೇಲೆ ಬಗ್ಗಿಸಿ ಆ ಸಂದುಗಳನ್ನು ವರ್ಷಕ್ಕೊಮ್ಮೆ ನೋಡುತ್ತಿದ್ದರೆ ಇನ್ನೆಷ್ಟು ಕಾಲ ಉಳಿದಿದೆಯೆಂಬುದು ತಾನೇ ತಿಳಿಯುವುದು.

‘ರೋಲ್ಡ್ ಗೋಲ್ಡ್’ ಎಂಬ ಹಳೆಯ ಮಾತೂ ಇದೇ ಕುಲದ್ದು. ತಗಡನ್ನು ಬೆಸೆದು ಉರುಳೆಗಳ ನಡುವೆ ಒತ್ತಿದ್ದಕ್ಕೆ ಆ ಹೆಸರು ಬಂದಿತು. ಚಿನ್ನದ ಪಾಲು ಇಪ್ಪತ್ತನೆಯದಕ್ಕಿಂತ ಕಡಮೆಯಿದ್ದರೂ, ನಲವತ್ತನೆಯದೋ ಇನ್ನೆಷ್ಟನೆಯದೋ ಎಂದು ಹೇಳಿ ಮಾರುವ ಪದ್ಧತಿ ಹೊರದೇಶಗಳಲ್ಲುಂಟು. ಆಂಧ್ರದ ಮಚಲೀಪಟ್ಟಣದ ಚಿಲಕಲಪೂಡಿಯು ನಮ್ಮ ದೇಶದಲ್ಲಿ ಈ ಹೆಸರಿನ ಒಡವೆಗಳಿಗೆ ಪ್ರಸಿದ್ಧವಾಗಿದೆ. ಆದರೆ ಈಗ ನಮ್ಮ ಪೇಟೆಗಳಲ್ಲಿ ಮುಲಾಮಿನದೆಲ್ಲವನ್ನೂ ‘ರೋಲ್ಡ್ ಗೋಲ್ಡ್’ ಎಂದು ಕರೆಯುವುದು ವಾಡಿಕೆಯಾಗಿ, ಶಬ್ದವು ಸವೆದು ಒಳಗಿನ ಹಿತ್ತಾಳೆ ಕಾಣುವಂತಾಗಿದೆ! ಹೆಸರನ್ನು ನಂಬದೆ ಭಿನ್ನರಾಶಿಯನ್ನು ನಂಬುವುದು ಲೇಸು.

ಬಾಳಿಕೆಯನ್ನು ವರ್ಷಗಳಲ್ಲಿ ಹೇಳೆಂದು ಸೋದರಿಯವರು ಒತ್ತಿ ಕೇಳಿರುವರು. ಕೈಯಿಂದ ಕೈಗೆ, ಬೆವರಿನಿಂದ ಬೆವರಿಗೆ ಇದು ವ್ಯತ್ಯಾಸವಾಗುವುದು. ಆದರೂ ಒಂದು ಅಂದಾಜು ಕೊಡಬಹುದು. ದಿನವೂ ಧರಿಸುವ ಪಕ್ಷದಲ್ಲಿ ೦.೧ ಮೈಕ್ರಾನಿನ ಬಳೆಯು ಕೆಲವು ತಿಂಗಳು, ಒಂದು ಮೈಕ್ರಾನಿನದು ಹೆಚ್ಚುಕಡಮೆ ಒಂದು ವರ್ಷ, ವರ್ಮೀಲಿನ ಸರ ಓಲೆಗಳು ಕೆಲವು ವರ್ಷ, ದಪ್ಪ ತಂತಿಯ ಗೋಲ್ಡ್ ಫಿಲ್ಡ್ ಒಡವೆಯು ಹತ್ತು ವರ್ಷಕ್ಕೂ ಮೇಲೆ ನಿಲ್ಲಬಹುದು. ಇದರಲ್ಲಿಯೂ ಯಾವ ಅಂಗಕ್ಕೆ ತೊಡುವೆವೆಂಬುದು ಮುಖ್ಯ. ಉಂಗುರವು ಪಾತ್ರೆ ತಿಕ್ಕುವಲ್ಲಿ, ಕಾಯಿ ತುರಿಯುವಲ್ಲಿ ದಿನಕ್ಕೆ ನೂರು ಸಲ ಉಜ್ಜಿಸಿಕೊಳ್ಳುವುದು. ಬಳೆಗಳು ಒಂದಕ್ಕೊಂದು ತಾಗಿ ಸವೆಯುವುವು. ಓಲೆಗೆ ಉಜ್ಜುವವರೇ ಇಲ್ಲ. ಆದಕಾರಣ ಮಗಳು ಬಯಸಿದ ವರ್ಮೀಲ್ ಓಲೆಗಳನ್ನು, ದಪ್ಪವು ಬಿಲ್ಲಿನಲ್ಲಿ ಬರೆದು ಬರುವುದಾದರೆ, ಧಾರಾಳವಾಗಿ ತರಿಸಬಹುದು. ಅದೇ ವರ್ಮೀಲಿನ ಉಂಗುರವನ್ನು ನಾವು ಹೇಳುವುದಿಲ್ಲ. ಸೊಸೆಯು ಹಗಲಿರುಳೂ ಕತ್ತಿನಿಂದ ತೆಗೆಯದ ಕರಿಮಣಿಯ ಸರಕ್ಕೆ ಅಪ್ಪಟ ಚಿನ್ನಕ್ಕೆ ಕೈಯಲ್ಲಿ ಹಣವಿಲ್ಲದಿದ್ದರೆ ಒಂದು ಮಿಲಿಮೀಟರಿಗೆ ಕಡಮೆಯಿಲ್ಲದ ತಂತಿಯ ಗೋಲ್ಡ್ ಫಿಲ್ಡೇ ತಕ್ಕದ್ದು. ಮದುವೆಮನೆಗೆ, ಹಬ್ಬಕ್ಕೆ ವರ್ಷದಲ್ಲಿ ನಾಲ್ಕು ದಿನ ತೊಡುವ ದೊಡ್ಡ ಹಾರಕ್ಕಾದರೋ ಜಾತ್ರೆಯ ಮುಲಾಮೇ ಸಾಕು. ನಾಲ್ಕು ದಿನದ ಕೆಲಸಕ್ಕೆ ಇಪ್ಪತ್ತೈದು ಮೈಕ್ರಾನ್ ಯಾತಕ್ಕೆ?

ಕೊಂಡ ಒಡವೆಯು ಯಾವ ಜಾತಿಯದೆಂದು ಮನೆಯಲ್ಲಿ ತಿಳಿಯುವ ಬಗೆಯುಂಟೆ? ಅಯಸ್ಕಾಂತವನ್ನು ಹಿಡಿದು ನೋಡುವುದು ರೂಢಿ. ಅದು ಕಬ್ಬಿಣವನ್ನು ಹಿಡಿದುಕೊಡುವುದೇ ಹೊರತು ಹಿತ್ತಾಳೆಯನ್ನಲ್ಲ. ಅದಕ್ಕಿಂತ ತಕ್ಕಡಿಯು ಮೇಲು. ಒಡವೆಯನ್ನು ಗಾಳಿಯಲ್ಲೊಮ್ಮೆ, ದಾರದಿಂದ ನೀರಿನಲ್ಲಿ ಇಳಿಬಿಟ್ಟು ಒಮ್ಮೆ ತೂಗಿ, ಗಾಳಿಯ ತೂಕವನ್ನು ನೀರಿನಲ್ಲಿ ಕಡಮೆಯಾದ ತೂಕದಿಂದ ಭಾಗಿಸಿರಿ. ಟೊಳ್ಳಿಲ್ಲದ, ಕಲ್ಲು ಕೂರಿಸದ ಒಡವೆಯಾದರೆ, ಹಿತ್ತಾಳೆಗೆ ಎಂಟೂವರೆಯ ಹತ್ತಿರ, ಬೆಳ್ಳಿಗೆ ಹತ್ತೂಕಾಲಿನ ಹತ್ತಿರ, ಇಪ್ಪತ್ತೆರಡು ಕ್ಯಾರಟ್ ಚಿನ್ನಕ್ಕೆ ಹದಿನೇಳೂವರೆಗೂ ಮೇಲೆ ಬರುವುದು. ಹೊದಿಕೆಯು ಎಷ್ಟೇ ದಪ್ಪವಿದ್ದರೂ ಈ ಲೆಕ್ಕವನ್ನು ಮರೆಸಲಾರದು.

ಅಕ್ಕಸಾಲಿಗನ ಒರೆಗಲ್ಲೂ ಅಂಗಡಿಯ ಕ್ಷಕಿರಣ ಯಂತ್ರವೂ ಮೈಯನ್ನು ಮಾತ್ರ ನೋಡುವುವೆಂಬುದನ್ನು ಇಲ್ಲಿ ಹೇಳಬೇಕು. ಒರೆಗಲ್ಲಿಗೆ ಹಗುರವಾಗಿ ಉಜ್ಜಿದರೆ ಹೊದಿಕೆಯ ಚಿನ್ನವೇ ಗೆರೆ ಬಿಡುವುದು. ಯಂತ್ರದ ನೋಟವು ಚಿನ್ನದೊಳಗೆ ಸುಮಾರು ಹತ್ತು ಮೈಕ್ರಾನಿನಷ್ಟೇ ಇಳಿಯುವುದು. ತೆಳುವಾದ ಮುಲಾಮಿನಲ್ಲಿ ಅದು ಕೆಳಗಿನ ತಾಮ್ರವನ್ನು ಕಂಡು ಕೂಡಲೆ ಹೇಳೀತು. ಇಪ್ಪತ್ತೈದು ಮೈಕ್ರಾನಿನ ಗೋಲ್ಡ್ ಫಿಲ್ಡ್ ಬಳೆಯನ್ನು ಮಾತ್ರ ಹದಿನಾಲ್ಕು ಕ್ಯಾರಟ್ ಚಿನ್ನವೆಂದೇ ಓದಿಬಿಡಬಹುದು. ಅಡವು ಹಿಡಿಯುವಲ್ಲಿ ಬಳೆಯ ಮೂಲೆಗೆ ಅರದಿಂದ ಗೀರು ಹಾಕಿ ನೋಡುವುದು ಈ ಕಾರಣಕ್ಕಾಗಿಯೇ, ಅದಕ್ಕೆ ಬೇಸರಪಡಬಾರದು. ಯಾರಾದರೂ ನೆರೆಯವರು ಯಂತ್ರದ ಚೀಟಿ ತೋರಿಸಿ ಇಂತಹ ಬಳೆಯ ಮೇಲೆ ನಿಮ್ಮಿಂದ ಕೈಸಾಲ ಕೇಳಿದರೆ ತಕ್ಕಡಿಯನ್ನು ಮರೆಯಬೇಡಿರಿ. ಅಂತೆಯೇ, ೨೦೨೩ರ ಏಪ್ರಿಲ್ ೧ರಿಂದ ನಮ್ಮಲ್ಲಿ ಹಾಲ್‌ಮಾರ್ಕಿನ ಚಿನ್ನದ ಒಡವೆಯ ಮೇಲೆ ಅಕ್ಷರ ಅಂಕೆಗಳು ಬೆರೆತ ಆರರ ಗುರುತು ಇರಲೇಬೇಕಾಗಿದೆ. ಅದು ಇಡೀ ಲೋಹದ ಶುದ್ಧತೆಗೆ ಕೊಡುವ ಮುದ್ರೆ. ಹೊದಿಕೆಯ ಒಡವೆಗೆ ಅದು ದೊರೆಯುವಂತಿಲ್ಲ. ಮುಲಾಮಿನ ಒಡವೆಯ ಮೇಲೆ ‘೯೧೬’ ಎಂದು ಒತ್ತಿದ್ದು ಕಂಡರೆ ಅಂಗಡಿಯ ಮೆಟ್ಟಲು ಇಳಿಯುವುದೊಂದೇ ದಾರಿ.

ತೊಳೆಯುವ ವಿಚಾರದಲ್ಲಿ ನಮ್ಮ ಮನೆಗಳಲ್ಲಿ ಎರಡು ತಪ್ಪುಗಳು ನಡೆಯುತ್ತವೆ. ಹಿತ್ತಾಳೆಯ ಪಾತ್ರೆಗೆ ಹುಣಸೆಹಣ್ಣು ಒಳ್ಳೆಯದಲ್ಲವೆ ಎಂದು ಮುಲಾಮಿನ ಬಳೆಗೂ ಅದನ್ನೇ ಹಚ್ಚುವರು. ಹುಳಿಯು ಸಣ್ಣ ತೂತುಗಳಲ್ಲಿ ಇಳಿದು ಹಿತ್ತಾಳೆಯನ್ನು ತಿನ್ನುವುದು, ಮೇಲಿನ ಪೊರೆಯು ಆಧಾರ ತಪ್ಪಿ ಉದುರುವುದು. ಇನ್ನೊಂದು, ಹಲ್ಲುಪುಡಿಯಿಂದಲೋ ವಿಭೂತಿಯಿಂದಲೋ ತಿಕ್ಕುವುದು. ಹತ್ತನೆಯ ಒಂದು ಮೈಕ್ರಾನಿಗೆ ಆ ನಯವಾದ ಪುಡಿಯೂ ಅರವೇ ಸರಿ. ಅಂಟುವಾಳದ ತೆಳು ನೀರಿನಲ್ಲಿ ಅದ್ದಿ, ಸಿಹಿನೀರಿನಲ್ಲಿ ಜಾಲಿಸಿ, ಒತ್ತಿ ಒರಸಿ, ಪೂರ್ತಿಯಾಗಿ ಒಣಗಿದಮೇಲೆ ಎತ್ತಿಡಿರಿ. ಕಡಲಸ್ನಾನಕ್ಕೆ ಹೋಗುವಾಗ, ಬ್ಲೀಚಿಂಗ್ ಪುಡಿಯಿಂದ ಬಟ್ಟೆ ಒಗೆಯುವಾಗ ಮೂರು ಜಾತಿಯ ಒಡವೆಗಳನ್ನೂ ತೆಗೆದಿಡತಕ್ಕದ್ದು.

ಸವೆದ ಬಳೆಗಳಿಗೆ ಪುನಃ ಮುಲಾಮು ಹಾಕಿಸಬಹುದೇ ಎಂಬುದು ಪತ್ರದ ಕೊನೆಯ ಪ್ರಶ್ನೆ. ಹಾಕಿಸಬಹುದು, ಆದರೆ ಕಿಲುಬನ್ನೂ ಉಳಿದ ಹಳೆಯ ಪೊರೆಯನ್ನೂ ಪೂರ್ತಿಯಾಗಿ ತೆಗೆಸದೆ ಮೇಲೆಯೇ ಹಾಕಿಸಿದರೆ ಹೊಸದು ತಿಂಗಳೊಪ್ಪತ್ತಿನಲ್ಲಿ ಸಿಪ್ಪೆಯಾಗಿ ಏಳುವುದು. ನಾಲ್ಕು ಬಳೆಗೆ ಒಂದು ಮೈಕ್ರಾನ್ ಹಾಕಿಸಲು ಸುಮಾರು ೧೪೫ ಮಿಲಿಗ್ರಾಂ ಚಿನ್ನ ಬೇಕು. ಅಂದಿನ ಧಾರಣೆಯಿಂದ ಅದರ ಬೆಲೆಯನ್ನು ಗುಣಿಸಿ, ಕೂಲಿ ಸೇರಿಸಿ, ಆ ಮೊತ್ತಕ್ಕಿಂತ ಬಹಳ ಕಡಮೆಗೆ ‘ಒಂದು ಮೈಕ್ರಾನ್ ಹಾಕಿಕೊಡುವೆ’ ಎನ್ನುವವನಿಗೆ ಬಳೆಯನ್ನು ಕೊಡಬೇಡಿರಿ. ಗೋಲ್ಡ್ ಫಿಲ್ಡ್ ಸರವು ಹರಿದರೆ ಬೆಸುಗೆಗೆ ಕೊಡುವಾಗ ಅದು ಎಂತಹುದೆಂದು ಕೆಲಸಗಾರನಿಗೆ ಮೊದಲೇ ತಿಳಿಸಬೇಕು. ಹೆಚ್ಚು ಕಾಸಿದರೆ ಚಿನ್ನವು ಹಿತ್ತಾಳೆಯೊಳಕ್ಕೆ ಇಳಿದು ಅಲ್ಲಿ ಬಣ್ಣಗೆಡುವುದು, ಅರ ಹಾಕಿದರೆ ಹೂರಣ ಹೊರಬೀಳುವುದು. ಮನೆಯಲ್ಲಿಯೇ ಮುಲಾಮು ಹಾಕಿಕೊಳ್ಳುವ ಯೋಚನೆಯನ್ನಂತೂ ಬಿಡಿರಿ. ಆ ದ್ರಾವಣಗಳಲ್ಲಿ ಬಹುತೇಕ ಎಲ್ಲಕ್ಕೂ ಸಯನೈಡ್ ಎಂಬ ಘೋರವಿಷವು ಸೇರಿರುವುದು. ಅಡಿಗೆಮನೆಯ ಹುಳಿಯೋ ಲಿಂಬೆರಸವೋ ಅದರಲ್ಲಿ ಬಿದ್ದರೆ ಏಳುವ ಹೊಗೆಯೊಂದೇ ಪ್ರಾಣಕ್ಕೆ ಸಾಕು.